ರಕ್ತ ತಿಳಿಯಾದಾಗಲೇ ಹುಷಾರಾಗಿರಿ

"ದಾವಣಗೆರೆಯಲ್ಲಿದ್ದೀವಿ. ನಮ್ಮ ಹೆಣ್ಣು ಲ್ಯಾಬ್ರಡಾರ್ ನಾಯಿ ಬೆದೆಗೆ ಬಂದು ಬ್ಲೀಡಿಂಗ್ ಶುರುವಾಗಿ ಹತ್ತು ದಿನ, ಈಗ ಕಮ್ಮಿಯಾಗಿದೆ. ಕಾಂಪೌಂಡಿನಲ್ಲಿ ಬಿಡಬಹುದಾ?"

ಈಗಂತೂ ಬೇಡವೇ ಬೇಡ. ಮೊದಲ 9 ದಿನ ಸುಮಾರಾಗಿ ರಕ್ತ ಕೆಂಪಗಿರುತ್ತದೆ. ಗಂಡುನಾಯಿ ಬಂದರೂ ಅವಳೇ ಗುರ್ ಅಂತ ಓಡಿಸುತ್ತಾಳೆ. ಆಮೇಲೆ ರಕ್ತ ತಿಳಿಯಾಗಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಗಬ್ಬ ಕಟ್ಟುವ ದಿನಗಳು ಇವೇ. ಸೊಂಟದ ಹತ್ತಿರ ಕೆರೆದಾಗ ಬಾಲ ಪಕ್ಕಕ್ಕೆ ಸರಿಸಿ ನಿಂತರೆ ಒಪ್ಪುವ ಹಂತಕ್ಕೆ ಬಂದಿದ್ದಾಳೆ ಅಂತಲೇ.

ಶುರುವಾದ ದಿನದಿಂದ 4 ವಾರ ಒಳಗೇ ಇಡಿ. ವಾಕಿಂಗ್‌ಗೆ ಗಿಡ್ಡ ಬೆಲ್ಟ್ ಸಾಕು. ಕಾಂಪೌಂಡನ್ನು ನಂಬಬೇಡಿ, ನಮ್ಮೂರ ಬೀದಿನಾಯಿಗಳಿಗೆ ಅದೊಂದು ಲೆಕ್ಕವೇ ಅಲ್ಲ. ಡೈಪರ್ ನೆಲ ಕೊಳೆಯಾಗದಿರಲು ಅಷ್ಟೇ, ಕೂಡುವುದನ್ನು ತಡೆಯಲ್ಲ.

ಅಕಸ್ಮಾತ್ ಕೂಡಿ ಅಂಟಿಕೊಂಡರೆ ಎಳೆದು ಬಿಡಿಸಬೇಡಿ, ಎರಡಕ್ಕೂ ಗಾಯವಾಗುತ್ತದೆ. ತಾವಾಗಿ ಬಿಟ್ಟುಕೊಂಡ ಮೇಲೆ ಬೇಗ ಪಶುವೈದ್ಯರ ಹತ್ತಿರ ಹೋಗಿ.