ಡೆಲಿವರಿ ಫೋಟೊದಲ್ಲಿರುವುದು ನಮ್ಮ ಬಾಗಿಲಲ್ಲ

ಪ್ರಶ್ನೆ: ಪಾರ್ಸೆಲ್ ಬಂದಿಲ್ಲ, ಆದ್ರೆ ಡೆಲಿವರಿ ಆಗಿದೆ ಅಂತ ಯಾರದೋ ಬಾಗಿಲಿನ ಫೋಟೊ ಹಾಕಿದ್ದಾರೆ. ದೂರು ಕೊಡೋಕೆ ಇದು ಸಾಕಾ?

ಉತ್ತರ: ಅದೊಂದೇ ಸಾಲದು, ಜೋಡಿ ಫೋಟೊ ಬೇಕು. ಮೊದಲು ಅವರ ಫೋಟೊವನ್ನು ಆರ್ಡರ್ ನಂಬರ್, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಆಮೇಲೆ ನಿಮ್ಮ ಬಾಗಿಲನ್ನು ಅದೇ ಕೋನದಿಂದ, ಮನೆ ನಂಬರ್ ಸಮೇತ ತೆಗೆಯಿರಿ.

ನಾನು ಸುಮ್ನೆ "ಬಂದಿಲ್ಲ" ಅಂತ ಬರೆದಾಗ ದೂರು ಮುಚ್ಚಿಬಿಟ್ಟಿದ್ದರು. "ನಿಮ್ಮ ಫೋಟೊದಲ್ಲಿ ಕಬ್ಬಿಣದ ಗ್ರಿಲ್, ನೀಲಿ ಚಪ್ಪಲಿ ಸ್ಟ್ಯಾಂಡ್ ಇದೆ, ನಮ್ಮದು ಮರದ ಬಾಗಿಲು, ಹೊಸ್ತಿಲಿಗೆ ಕೆಂಪು ಬಣ್ಣ" ಅಂತ ಬರೆದ ಮೇಲೆ ದುಡ್ಡು ವಾಪಸ್ ಬಂತು.

ಪಾರ್ಸೆಲ್ ಪಡೆದವರದು ಅಂತ ಅವರು ತೋರಿಸುವ ಸಹಿ ಬರೀ ಗೀಚಿದ ಗೆರೆಯಾಗಿದ್ದರೆ, ಪಡೆದವರ ಹೆಸರೇನು ಅಂತ ಲಿಖಿತವಾಗಿ ಕೇಳಿ. ನೀವೇ ಫೋನಿನಲ್ಲಿ ಒಟಿಪಿ ಹೇಳಿದ್ದರೆ ಮಾತ್ರ ವಾದ ಸ್ವಲ್ಪ ಕಷ್ಟ.

ಮಾರಾಟ ತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ಸ್ವೀಕರಿಸಿದ್ದೇವೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.