ಖುಷಿಯಾಗಿರುವ ಕ್ಲೈಂಟ್‌ನಿಂದ ಪರಿಚಯ ಕೇಳುವ ಇಮೇಲ್

ನಮ್ಮ ಕೆಲಸ ಮೆಚ್ಚಿದ ಕ್ಲೈಂಟ್‌ಗೆ, ಅವರದೇ ಉದ್ಯಮದ ಬೇರೆಯವರನ್ನು ಪರಿಚಯಿಸಿ ಎಂದು ಇಮೇಲ್‌ನಲ್ಲಿ ಹೇಗೆ ಕೇಳಲಿ?

ಅದೇ ಉದ್ಯಮದವರೆಂದರೆ ಹಲವರು ಅವರ ಪ್ರತಿಸ್ಪರ್ಧಿಗಳೇ. ತಮಗೆ ಸಿಕ್ಕ ಅನುಕೂಲವನ್ನು ಅವರಿಗೆ ಯಾರು ಬಿಟ್ಟುಕೊಡುತ್ತಾರೆ? ಹಾಗಾಗಿ ಅವರೊಂದಿಗೆ ಪೈಪೋಟಿಯಿಲ್ಲದ ಒಬ್ಬರ ಪರಿಚಯವನ್ನು ಮಾತ್ರ ಕೇಳಿ. ಔಷಧ ವಿತರಕರಿಗೆ ದಾಸ್ತಾನು ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೀರಿ ಎನ್ನೋಣ:

"ಅವಧಿ ಮೀರಿದ ಸರಕು ಕಡಿಮೆಯಾಗಿದೆ ಎಂದು ನೀವು ಬರೆದದ್ದು ನೋಡಿ ಸಂತೋಷವಾಯಿತು. ನಿಮ್ಮ ಮಾರಾಟ ಪ್ರದೇಶದ ಹೊರಗೆ ಇದೇ ತೊಂದರೆಯಿರುವ ವಿತರಕರೊಬ್ಬರು ಗೊತ್ತಿದ್ದರೆ, ಕೆಳಗಿನ ಎರಡು ಸಾಲನ್ನು ಅವರಿಗೆ ಕಳುಹಿಸುತ್ತೀರಾ? ಮುಜುಗರವೆನಿಸಿದರೆ ಖಂಡಿತ ಬೇಡ."

ಆ ಎರಡು ಸಾಲನ್ನು ನೀವೇ ಬರೆದಿಡಿ. ಅವರು ಫಾರ್ವರ್ಡ್ ಒತ್ತಿದರೆ ಸಾಕು ಎನ್ನುವಂತಿರಲಿ. ಮೆಚ್ಚುಗೆ ಬಂದ ಒಂದೆರಡು ದಿನದೊಳಗೇ ಕಳುಹಿಸಿ, ಆದರೆ ಬಿಲ್ ಜೊತೆಗಲ್ಲ (ಅದು ವಸೂಲಿಯಂತೆ ಕಾಣುತ್ತದೆ). ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಿ, ಅಷ್ಟೇ.