ಸಂತಾಪದ ಪೋಸ್ಟ್: ಮೊದಲು ಮನೆಯವರನ್ನು ಕೇಳಿ

"ನಮ್ಮ ಶಿವಮೊಗ್ಗ ಆಫೀಸಿನ ಸಹೋದ್ಯೋಗಿ ನಿನ್ನೆ ಹಠಾತ್ತಾಗಿ ತೀರಿಕೊಂಡರು. ಕಂಪನಿ ಪೇಜಿನಲ್ಲಿ ತಂಡದ ಪರವಾಗಿ ಏನು ಬರೆಯಲಿ?"

ಕೇಳಿ ಬೇಜಾರಾಯಿತು. ಹಾಕುವ ಮೊದಲು ಯಾರಾದರೂ ಒಬ್ಬರು ಮನೆಯವರಿಗೆ ಫೋನ್ ಮಾಡಿ ಒಪ್ಪಿಗೆ ಕೇಳಿ. ಹೊಸನಗರ ಕಡೆಯ ಒಳಗಿನ ಊರುಗಳಲ್ಲಿ ನೆಟ್‌ವರ್ಕ್ ಸಿಗದೆ ನೆಂಟರಿಗೆ ಸುದ್ದಿ ತಡವಾಗಿ ಮುಟ್ಟುವುದುಂಟು. ಅವರಿಗೆ ನಿಮ್ಮ ಪೇಜಿನಿಂದಲೇ ಗೊತ್ತಾಗುವ ಹಾಗಾಗಬಾರದು. ಸಾವಿನ ಕಾರಣ ಬರೆಯಬೇಡಿ. ಹ್ಯಾಶ್‌ಟ್ಯಾಗ್ ಅಂತೂ ಬೇಡವೇ ಬೇಡ.

ಹೀಗೆ ಬರೆಯಬಹುದು:

"ನಮ್ಮ ಬಿಲ್ಲಿಂಗ್ ವಿಭಾಗದ ... ಅವರು ನಿನ್ನೆ ಹಠಾತ್ತಾಗಿ ನಿಧನರಾದರು. ಹೊಸಬರು ಬಂದರೆ ಪಕ್ಕದಲ್ಲೇ ಕೂರಿಸಿಕೊಂಡು ಕೆಲಸ ಕಲಿಸುತ್ತಿದ್ದರು. ಅವರ ಕುಟುಂಬದ ದುಃಖದಲ್ಲಿ ನಾವೂ ಇದ್ದೇವೆ. – ಶಿವಮೊಗ್ಗ ತಂಡ"

ನಡುವಿನ ಸಾಲನ್ನು ಅವರ ಜೊತೆ ಕೂತು ಕೆಲಸ ಮಾಡಿದವರಿಂದ ಕೇಳಿ ಬರೆಯಿರಿ. 'ಸರಳ ಸಜ್ಜನರು' ಅಂದರೆ ಯಾರಿಗೆ ಬೇಕಾದರೂ ಹೊಂದುತ್ತದೆ, ಅಲ್ವಾ? ಅಂತ್ಯಕ್ರಿಯೆಯ ಜಾಗ, ಸಮಯವನ್ನು ಮನೆಯವರು ಹೇಳಿದರೆ ಮಾತ್ರ ಸೇರಿಸಿ.